ಅಕ್ಷರ ಅಳಿಸಿದ ಹೆಡ್‌ಲೈಟ್ ಬಲ್ಬ್: ಫೋಟೊ ನೋಡಿ ಗುರುತಿಸುವುದು ಹೇಗೆ?

ಪ್ರಶ್ನೆ: ನನ್ನದು 2004ರ ಹ್ಯಾಚ್‌ಬ್ಯಾಕ್ ಕಾರು, ಬೇರೆಯವರು ಓಡಿಸಿದ್ದನ್ನು ಕೊಂಡದ್ದು. ಎಡಗಡೆಯ ಹೆಡ್‌ಲೈಟಿನಲ್ಲಿ ಲೋ ಬೀಮ್ ಹೋಗಿದೆ, ಹೈ ಬೀಮ್ ಉರಿಯುತ್ತದೆ. ಕಾರಿನ ಹೆಸರು ಕೊಟ್ಟು ಹುಡುಕಿದರೆ ಒಂದು ಪಟ್ಟಿ ಎಚ್4 ಎನ್ನುತ್ತದೆ, ಇನ್ನೊಂದು ಎಚ್7 ಎನ್ನುತ್ತದೆ. ಬಲ್ಬಿನ ಮೇಲಿನ ಬರಹ ಅಳಿಸಿದೆ. ದೀಪದ ಗಾಜಿನ ಮೇಲೆ ವೃತ್ತದೊಳಗೆ 4 ಎಂದು ಕಾಣುತ್ತದೆ, ಅದೇ ಎಚ್4 ಇರಬಹುದೇ? ಮೂರು ಪಿನ್ ಇದ್ದರೆ ಎಚ್4 ಎಂದೇ ಅರ್ಥ ಎಂದು ಸ್ನೇಹಿತರೊಬ್ಬರು ಹೇಳಿದರು. ದೀಪದ ಮುಂಭಾಗ, ಹಿಂಭಾಗ, ತೆಗೆದ ಬಲ್ಬ್ ಮತ್ತು ವೈಪರ್ ತೋಳಿನ ತುದಿ, ಹೀಗೆ ನಾಲ್ಕು ಫೋಟೊ ಕಳುಹಿಸಿದ್ದೇನೆ. ವೈಪರ್ ಬ್ಲೇಡನ್ನೂ ಬದಲಾಯಿಸಬೇಕಿದೆ, ಯಾವುದು ಹೊಂದುತ್ತದೆ ಎಂದು ಗೊತ್ತಿಲ್ಲ. ತಪ್ಪು ಬಲ್ಬ್ ಹಾಕಿ ದೀಪವನ್ನೇ ಕೆಡಿಸಿಕೊಳ್ಳುವ ಭಯವಿದೆ.

ಉತ್ತರ: ಮೂರನೆಯ ಫೋಟೊದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಉತ್ತರದ ಬಹುಪಾಲು ಅದರಲ್ಲಿದೆ. ನಿಮ್ಮ ಅಂಗೈ ಮೇಲಿರುವ ಆ ಬಲ್ಬಿನ ಗಾಜಿನೊಳಗೆ ಎರಡು ಫಿಲಮೆಂಟ್‌ಗಳಿವೆ. ತುದಿಯ ಕಡೆಗಿರುವ ಫಿಲಮೆಂಟಿನ ಕೆಳಗೆ ಅರ್ಧ ಸೀಳಿದ ಬಟ್ಟಲಿನಂಥ ಪುಟ್ಟ ಲೋಹದ ತೊಟ್ಟಿ ಕಾಣುತ್ತದೆ. ಬುಡದ ಹತ್ತಿರವಿರುವ ಇನ್ನೊಂದು ಫಿಲಮೆಂಟಿಗೆ ಅಂಥ ತೊಟ್ಟಿ ಇಲ್ಲ. ಗಾಜಿನ ತುದಿಗೆ ಕಪ್ಪು ಲೇಪವಿದೆ. ಬುಡದಲ್ಲಿ ಲೋಹದ ಕಾಲರ್, ಅದರ ಅಂಚಿನಲ್ಲಿ ಮೂರು ಕಿವಿಗಳು, ಹಿಂದೆ ಮೂರು ಚಪ್ಪಟೆ ಪಿನ್‌ಗಳು. ಇದು ಎಚ್4 ಜಾತಿಯ ಬಲ್ಬ್. ಎಚ್7 ಆಗಲು ಸಾಧ್ಯವೇ ಇಲ್ಲ: ಎಚ್7ರೊಳಗೆ ಒಂದೇ ಫಿಲಮೆಂಟ್ ಇರುತ್ತದೆ, ಹಿಂದೆ ಅಕ್ಕಪಕ್ಕ ನಿಂತ ಎರಡೇ ಪಿನ್‌ಗಳಿರುತ್ತವೆ.

ಆ ಲೋಹದ ತೊಟ್ಟಿಯನ್ನು ನಾನು ಇಷ್ಟು ನಂಬುವುದಕ್ಕೆ ಕಾರಣವಿದೆ. ಲೋ ಬೀಮಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯಬಾರದು. ಆದ್ದರಿಂದ ಆ ಫಿಲಮೆಂಟಿನ ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೀಳಬೇಕು. ಅಲ್ಲಿಂದ ಪ್ರತಿಫಲಿಸಿದ್ದು ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಕೆಳಗಿನ ಅರ್ಧಕ್ಕೆ ಬೆಳಕು ಹೋಗದಂತೆ ತಡೆಯುವುದೇ ಆ ತೊಟ್ಟಿಯ ಕೆಲಸ. ಹೈ ಬೀಮಿಗೆ ಇಡೀ ರಿಫ್ಲೆಕ್ಟರ್ ಬೇಕು, ಹಾಗಾಗಿ ಅದಕ್ಕೆ ತಡೆ ಇಲ್ಲ. ಒಂದೇ ಬಲ್ಬಿನಲ್ಲಿ ಎರಡೂ ಕೆಲಸ ಮಾಡಿಸುವ ಈ ವಿನ್ಯಾಸ ಇನ್ನೂ ಹಳೆಯದು, ಹ್ಯಾಲೊಜನ್ ಬಲ್ಬಿಗೆ ಅದು 1971ರಲ್ಲಿ ಎಚ್4 ಆಗಿ ಬಂತು. ಬರಹ ಅಳಿಸಿಹೋಗಬಹುದು, ತೊಟ್ಟಿ ಅಳಿಸಿಹೋಗುವುದಿಲ್ಲ.

ನಿಮ್ಮ ಲೋ ಬೀಮ್ ಏಕೆ ಹೋಯಿತು ಎಂಬುದೂ ಅದೇ ಫೋಟೊದಲ್ಲಿದೆ. ಹಿಗ್ಗಿಸಿ ನೋಡಿದರೆ ತುದಿಯ ಕಡೆಯ ಫಿಲಮೆಂಟ್ ನಡುವೆ ತುಂಡಾಗಿ, ಒಂದು ಕೊನೆ ಜೋತುಬಿದ್ದಿದೆ. ಗಾಜಿನ ಒಳಮೈ ಬೂದುಗಪ್ಪಾಗಿದೆ. ಇದು ಆಯಸ್ಸು ಮುಗಿದ ಬಲ್ಬಿನ ಲಕ್ಷಣ. ಒಳಗೆ ಹಾಲಿನಂಥ ಬಿಳಿ ಮಂಜು ಕಟ್ಟಿದ್ದರೆ ಗಾಜು ಸೀಳಿ ಗಾಳಿ ಹೊಕ್ಕಿದೆ ಎನ್ನುತ್ತಿದ್ದೆ, ಇಲ್ಲಿ ಹಾಗಾಗಿಲ್ಲ.

ಈಗ ಸ್ನೇಹಿತರ ಮಾತಿಗೆ ಬರೋಣ. ಎಚ್4ಗೆ ಮೂರು ಪಿನ್ ಎಂಬುದು ನಿಜ. ಆದರೆ ಮೂರು ಪಿನ್ ಇದ್ದದ್ದೆಲ್ಲ ಎಚ್4 ಎಂಬುದು ನಿಜವಲ್ಲ. 9004, 9007, ಎಚ್13 ಎಂಬ ಬಲ್ಬುಗಳಿಗೂ ಮೂರು ಪಿನ್‌ಗಳಿವೆ, ಅವಕ್ಕೂ ಎರಡು ಫಿಲಮೆಂಟ್‌ಗಳಿವೆ. ವ್ಯತ್ಯಾಸ ಬುಡದಲ್ಲಿದೆ: ಅವುಗಳದ್ದು ದಪ್ಪ ಪ್ಲಾಸ್ಟಿಕ್ ಬುಡ, ಪಿನ್‌ಗಳು ಅದರ ಕವಚದೊಳಗೆ ಅಡಗಿರುತ್ತವೆ. ಎಚ್4ರ ಪಿನ್‌ಗಳು ಹೊರಗೆ ಬೆತ್ತಲೆಯಾಗಿ ನಿಂತಿರುತ್ತವೆ, ಎರಡು ನೆಟ್ಟಗೆ, ಒಂದು ಅವುಗಳ ಮೇಲೆ ಅಡ್ಡಕ್ಕೆ, ಬಾಗಿಲಿನ ಚೌಕಟ್ಟಿನಂತೆ. ಪಿನ್ ಎಣಿಸುವುದಕ್ಕಿಂತ ಆ ಚೌಕಟ್ಟನ್ನು ನೋಡುವುದು ಒಳ್ಳೆಯದು. ಹುಡುಕುವಾಗ 9003 ಅಥವಾ ಎಚ್‌ಬಿ2 ಎಂಬ ಹೆಸರು ಎದುರಾದರೆ ಗಾಬರಿಯಾಗಬೇಡಿ, ಕೆಲವು ಮಾರುಕಟ್ಟೆಗಳಲ್ಲಿ ಎಚ್4ರ ಸೋದರ ಬಲ್ಬ್ ಆ ಹೆಸರಿನಲ್ಲಿ ಸಿಗುತ್ತದೆ.

ಗಾಜಿನ ಮೇಲೆ ವೃತ್ತದೊಳಗೆ ನೀವು ಕಂಡ 4 ಬಲ್ಬಿನ ಹೆಸರಲ್ಲ. ಅದರ ಮುಂದೆ ಇಂಗ್ಲಿಷಿನ ಇ ಅಕ್ಷರವಿದೆ, ಎಚ್ ಅಲ್ಲ. ಮಬ್ಬಾದ ಗಾಜಿನಲ್ಲಿ ಅದನ್ನು ಎಚ್ ಎಂದು ಓದಿಕೊಂಡವರನ್ನು ಬಹಳ ಸಲ ಕಂಡಿದ್ದೇನೆ. ದೀಪಕ್ಕೆ ಯಾವ ದೇಶದ ಪ್ರಾಧಿಕಾರ ಮಾನ್ಯತೆ ಕೊಟ್ಟಿತು ಎಂಬುದನ್ನು ಆ ಅಂಕಿ ಹೇಳುತ್ತದೆ. 1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್. ಮಾನ್ಯತೆ ಅಲ್ಲಿ ಸಿಕ್ಕಿತು ಎಂದಷ್ಟೇ ಅರ್ಥ, ದೀಪ ಎಲ್ಲಿ ಬೇಕಾದರೂ ತಯಾರಾಗಿರಬಹುದು. ಅದರ ಪಕ್ಕದಲ್ಲಿ ಎಚ್‌ಸಿಆರ್ ಎಂಬ ಅಕ್ಷರಗಳೂ ನಿಮ್ಮ ಫೋಟೊದಲ್ಲಿವೆ. ಎಚ್ ಎಂದರೆ ಹ್ಯಾಲೊಜನ್, ಸಿ ಎಂದರೆ ಲೋ ಬೀಮ್, ಆರ್ ಎಂದರೆ ಹೈ ಬೀಮ್. ದೀಪ ಎರಡನ್ನೂ ಕೊಡುತ್ತದೆ ಎಂದು ಇದರಿಂದ ಗೊತ್ತಾಗುತ್ತದೆಯೇ ಹೊರತು ಯಾವ ಬಲ್ಬ್ ಎಂದು ಗೊತ್ತಾಗುವುದಿಲ್ಲ. ಬಲ್ಬಿನ ನಿಜವಾದ ಹೆಸರನ್ನು ದೀಪದ ಮೇಲೆಯೇ ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ ಗಾಜಿನ ಕೆಳ ಅಂಚಿನಲ್ಲಿ ಅಥವಾ ಹಿಂಬದಿಯ ಪ್ಲಾಸ್ಟಿಕ್ ಮೈಮೇಲೆ. ಟಾರ್ಚನ್ನು ನೇರವಾಗಿ ಹಿಡಿಯದೆ, ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ಹುಡುಕಿ. ಉಬ್ಬಿದ ಅಕ್ಷರಗಳ ನೆರಳು ಬಿದ್ದಾಗ ಅವು ಓದಲು ಬರುತ್ತವೆ. ಫೋನಿನ ಫ್ಲ್ಯಾಷ್ ಹಾಕಿದರೆ ಇದ್ದ ನೆರಳೂ ಅಳಿಸಿಹೋಗುತ್ತದೆ, ನಿಮ್ಮ ಮೊದಲ ಫೋಟೊದಲ್ಲಿ ಆಗಿರುವುದು ಅದೇ.

ಎರಡು ಪಟ್ಟಿಗಳು ಎರಡು ಹೆಸರು ಹೇಳಿದ್ದರಲ್ಲಿ ಯಾವುದೂ ಸುಳ್ಳು ಇರಬೇಕಾಗಿಲ್ಲ. ಒಂದೇ ಹೆಸರಿನ ಕಾರು ಹಲವು ವರ್ಷ ತಯಾರಾಗುತ್ತದೆ, ನಡುವೆ ಮುಖ ಬದಲಾಗುತ್ತದೆ, ಮೇಲಿನ ದರ್ಜೆಯ ಮಾದರಿಗೆ ಬೇರೆ ದೀಪ ಕೊಟ್ಟಿರುತ್ತಾರೆ. ಸಾಲದ್ದಕ್ಕೆ ಕಾರು ತಯಾರಾದ ವರ್ಷವೂ ನೋಂದಣಿಯಾದ ವರ್ಷವೂ ಒಂದೇ ಆಗಿರಬೇಕೆಂದಿಲ್ಲ. ಹಿಂದಿನ ಮಾಲೀಕರು ಅಪಘಾತದ ನಂತರ ಇಡೀ ದೀಪವನ್ನೇ ಬದಲಾಯಿಸಿದ್ದರೆ ಪಟ್ಟಿಗೂ ಕಾರಿಗೂ ಸಂಬಂಧವೇ ಉಳಿಯುವುದಿಲ್ಲ. ಇಂಥ ಕಾರುಗಳಲ್ಲಿ ನಾನು ಕಾರಿನ ಹೆಸರನ್ನು ಬದಿಗಿಟ್ಟು ದೀಪವನ್ನು ಕೇಳುತ್ತೇನೆ. ನಿಮ್ಮ ಮೊದಲ ಫೋಟೊದಲ್ಲಿ ದೀಪದೊಳಗೆ ರಿಫ್ಲೆಕ್ಟರಿನ ಒಂದೇ ದೊಡ್ಡ ಬಟ್ಟಲಿದೆ. ಎಚ್7 ಬಳಸುವ ದೀಪಗಳಲ್ಲಿ ಲೋ ಮತ್ತು ಹೈಗೆ ಬೇರೆ ಬೇರೆ ಬಲ್ಬ್ ಇರಬೇಕಾದ್ದರಿಂದ ಸಾಮಾನ್ಯವಾಗಿ ಎರಡು ಬಟ್ಟಲುಗಳು ಕಾಣುತ್ತವೆ. ಮೂಲೆಯಲ್ಲಿರುವ ಪುಟ್ಟ ಬಲ್ಬ್ ಪಾರ್ಕಿಂಗ್ ದೀಪದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಇಷ್ಟರವರೆಗೆ ಹೇಳಿದ್ದೆಲ್ಲ ಆಕಾರದ ವಿಷಯ. ಆಕಾರವನ್ನು ಫೋಟೊ ಚೆನ್ನಾಗಿಯೇ ತೋರಿಸುತ್ತದೆ. ತೊಡಕು ಇರುವುದು ಒಂದೇ ಆಕಾರದಲ್ಲಿ ಬೇರೆ ಅಳತೆ, ಬೇರೆ ಶಕ್ತಿಯ ಬಲ್ಬುಗಳು ಬರುವಾಗ. ಅಂಗೈ ಮೇಲಿನ ಬಲ್ಬಿನ ಫೋಟೊ ನೋಡಿ ಅದನ್ನು ಯಾರೂ ಖಚಿತವಾಗಿ ಹೇಳಲಾರರು, ಹೇಳಿದರೆ ನಂಬಬೇಡಿ.

ಮೊದಲನೆಯದು ಎಚ್‌ಎಸ್1. ಇದು ದ್ವಿಚಕ್ರ ವಾಹನಗಳ ಬಲ್ಬ್. ಅದೇ ಮೂರು ಪಿನ್, ಅದೇ ಎರಡು ಫಿಲಮೆಂಟ್, ಅದೇ ತೊಟ್ಟಿ. ಎಚ್4ರ ಶಕ್ತಿ 60/55 ವಾಟ್, ಅಂದರೆ ಹೈ ಬೀಮಿಗೆ 60, ಲೋ ಬೀಮಿಗೆ 55. ಇದರದ್ದು 35/35. ಕಾಲರಿನ ಗುರುತು ಎಚ್4ಗೆ ಪಿ43ಟಿ, ಇದಕ್ಕೆ ಪಿಎಕ್ಸ್43ಟಿ, ಆದರೆ ಫೋಟೊದಲ್ಲಿ ಎರಡು ಕಾಲರುಗಳನ್ನು ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಮಾರುವವರೇ ಎರಡನ್ನೂ ಒಂದೇ ಹೆಸರಿನಡಿ ಹಾಕಿರುವುದುಂಟು. ಇದನ್ನು ಕಾರಿಗೆ ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು 24 ವೋಲ್ಟಿನ ಎಚ್4, ಲಾರಿ ಬಸ್ಸುಗಳಿಗೆ ಬರುವಂಥದ್ದು, 75/70 ವಾಟ್. 12 ವೋಲ್ಟಿನ ಕಾರಿನಲ್ಲಿ ಅದು ಕೆಂಪಗೆ ಮಿಣುಕುತ್ತದೆ ಅಷ್ಟೆ. ನಿಮ್ಮ ಕಾರು ಇನ್ನೂ ಹಳೆಯದಾಗಿದ್ದರೆ ಪಿ45ಟಿ ಎಂಬ ಹಳೆಯ ಬುಡವನ್ನೂ ಸೇರಿಸಿ ಹೇಳುತ್ತಿದ್ದೆ. ಹೆಸರಿನೊಳಗಿನ ಅಂಕಿ ಸ್ಥೂಲವಾಗಿ ಕಾಲರಿನ ವ್ಯಾಸ, ಮಿಲಿಮೀಟರಿನಲ್ಲಿ. 43ಕ್ಕೂ 45ಕ್ಕೂ ಇರುವ ವ್ಯತ್ಯಾಸ ಅಂಗೈ ಮೇಲೆ ಕಾಣುವಂಥದ್ದಲ್ಲ, ಆದರೆ ದೀಪದ ರಂಧ್ರಕ್ಕೆ ಅದು ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ಇನ್ನೊಂದು ಫೋಟೊ ತೆಗೆಯಿರಿ. ಬಲ್ಬ್ ಪೂರ್ತಿ ತಣ್ಣಗಾಗಿರಲಿ, ಗಾಜನ್ನು ಮುಟ್ಟದೆ ಕಾಲರನ್ನು ಹಿಡಿದು ಬಿಳಿ ಕಾಗದದ ಮೇಲೆ ಪಿನ್‌ಗಳು ಮೇಲಕ್ಕೆ ಬರುವಂತೆ ನಿಲ್ಲಿಸಿಕೊಳ್ಳಿ. ನಿಲ್ಲದಿದ್ದರೆ ಮೆತ್ತನೆಯ ಬಟ್ಟೆಯ ಸುರುಳಿಯಲ್ಲಿ ಕೂರಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಅದಿಲ್ಲದಿದ್ದರೆ ಬ್ಯಾಂಕಿನ ಕಾರ್ಡ್ ಸಾಕು, ಅಂಕಿಗಳಿರುವ ಮುಖವನ್ನು ಮುಚ್ಚಿ ಇಡಿ. ಅದರ ಉದ್ದ ಎಲ್ಲೆಡೆ 85.6 ಮಿಲಿಮೀಟರ್, ಅಗಲ 54. ಅಳತೆಯ ವಸ್ತು ಕಾಲರಿನ ಮಟ್ಟದಲ್ಲೇ ಇರಬೇಕು, ಮೇಜಿನ ಮೇಲಿಟ್ಟರೆ ಅದು ಕ್ಯಾಮೆರಾದಿಂದ ದೂರವಾಗಿ ಚಿಕ್ಕದಾಗಿ ಕಾಣುತ್ತದೆ, ಬಲ್ಬ್ ಇರುವುದಕ್ಕಿಂತ ದೊಡ್ಡದೆನಿಸುತ್ತದೆ. ಫೋನನ್ನು ಹತ್ತಿರ ತಂದರೆ ಅಂಚುಗಳು ಹಿಗ್ಗುತ್ತವೆ. ಅರ್ಧ ಮೀಟರ್ ದೂರ ಸರಿದು ಝೂಮ್ ಮಾಡಿ ತೆಗೆಯಿರಿ.

ದೀಪದ ಹಿಂಭಾಗದ ಫೋಟೊ ತಿರುಗುಮುರುಗಾಗಿದೆ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತಿವೆ. ಇಕ್ಕಟ್ಟಿನಲ್ಲಿ ಪರದೆ ಕಾಣಲೆಂದು ಸೆಲ್ಫಿ ಕ್ಯಾಮೆರಾ ಬಳಸಿದ್ದೀರಿ ಎಂದುಕೊಳ್ಳುತ್ತೇನೆ. ಆ ಜಾಗಕ್ಕೆ ಹಿಂದಿನ ಕ್ಯಾಮೆರಾದಲ್ಲಿ ನಿಧಾನವಾಗಿ ವಿಡಿಯೊ ಮಾಡಿ, ಚೆನ್ನಾಗಿ ಬಂದ ಒಂದು ಚಿತ್ರವನ್ನು ಆರಿಸಿಕೊಳ್ಳುವುದೇ ಸುಲಭ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೂ ಸರಳ: ಬಲಗಡೆಯ ಬಲ್ಬನ್ನು ತೆಗೆದು ಓದಿ. ಅದರ ಬರಹ ಉಳಿದಿರುವ ಸಾಧ್ಯತೆ ಹೆಚ್ಚು. ಎಚ್4, 12 ವೋಲ್ಟ್, 60/55 ವಾಟ್ ಎಂಬ ಮೂರು ಸಂಗತಿಗಳೂ ಅಲ್ಲಿ ಸಿಕ್ಕರೆ ಬಲ್ಬಿನ ಹುಡುಕಾಟ ಮುಗಿಯಿತು. ಎರಡೂ ಕಡೆಯ ಹೈ ಬೀಮ್ ಒಂದೇ ಪ್ರಖರತೆಯಲ್ಲಿ ಉರಿಯುತ್ತಿದ್ದರೆ ಎಡಗಡೆಯದೂ ಅದೇ ಇತ್ತು ಎನ್ನಲು ಅಡ್ಡಿಯಿಲ್ಲ.

ಆದರೆ ಎರಡನೆಯ ಫೋಟೊದಲ್ಲಿ ನೀವು ಕೇಳದ ಒಂದು ವಿಷಯ ಕಂಡಿದೆ, ಮತ್ತು ನನಗೆ ಬಲ್ಬಿಗಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದೇ. ವೈರಿನ ತುದಿಯ ಕಪ್ಲರಿನಲ್ಲಿ ಒಂದು ಕಿಂಡಿಯ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಉಬ್ಬಿದೆ. ಅಲ್ಲಿ ಬಹಳ ದಿನಗಳಿಂದ ಬಿಸಿಯಾಗುತ್ತಿದೆ. ಎರಡು ಕಾರಣಗಳಿರಬಹುದು. ಒಂದು, ಒಳಗಿನ ಲೋಹದ ಹಿಡಿಕೆ ಸಡಿಲವಾಗಿ ಪಿನ್ನನ್ನು ಬಿಗಿಯಾಗಿ ಕಚ್ಚುತ್ತಿಲ್ಲ. ಇನ್ನೊಂದು, ಹಿಂದಿನವರು ಹೆಚ್ಚು ಬೆಳಕಿಗೆಂದು 100/90 ವಾಟಿನ ಬಲ್ಬ್ ಹಾಕಿದ್ದರು. ಆ ಬಲ್ಬೂ ಆಕಾರದಲ್ಲಿ ಅಪ್ಪಟ ಎಚ್4. ಲೆಕ್ಕ ನೋಡಿ: 55 ವಾಟಿನ ಲೋ ಬೀಮ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ, 90 ವಾಟಿನದು 7.5. ಸಂಪರ್ಕದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಕಪ್ಲರಿನಲ್ಲಿ ಎರಡೂವರೆ ಪಟ್ಟಿಗೂ ಮೀರಿದ ಶಾಖ. ಹಳೆಯ ಕಾರಿನ ತೆಳು ವೈರು, ಸ್ವಿಚ್ಚು, ರಿಫ್ಲೆಕ್ಟರಿನ ಹೊಳಪು ಎಲ್ಲವೂ ಅದಕ್ಕೆ ಬೆಲೆ ತೆರುತ್ತವೆ. ಬಹಳಷ್ಟು ಕಡೆ ಅಂಥ ಬಲ್ಬನ್ನು ರಸ್ತೆಯಲ್ಲಿ ಬಳಸುವಂತೆಯೂ ಇಲ್ಲ.

ಎರಡರಲ್ಲಿ ಯಾವುದು ಎಂದು ತಿಳಿಯಲು ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇರುವ ಎಲೆಕ್ಟ್ರಿಷಿಯನ್ ಸಾಕು. ಎಡ ಬಲ್ಬಿನ ಹೈ ಬೀಮ್ ಇನ್ನೂ ಜೀವಂತವಾಗಿದೆಯಲ್ಲ, ಅದನ್ನು ಉರಿಸಿ ಅದರ ವೈರಿನಲ್ಲಿ ಅಳೆಯಲಿ. 5ರಿಂದ 6 ಆಂಪಿಯರ್ ಬಂದರೆ ಬಲ್ಬ್ ಸಾಮಾನ್ಯದ್ದು, ದೋಷ ಕಪ್ಲರಿನ ಸಡಿಲಿನದು. 8ರ ಆಸುಪಾಸು ಬಂದರೆ ಬಲ್ಬೇ ಹೆಚ್ಚು ವಾಟಿನದು. ಎರಡೂ ಸಂದರ್ಭದಲ್ಲಿ ಕಪ್ಲರನ್ನು ಬದಲಾಯಿಸಲೇಬೇಕು, ಶಾಖ ತಡೆಯುವ ಸೆರಾಮಿಕ್ ಕಪ್ಲರ್ ಆದರೆ ಉತ್ತಮ. ಬಿಸಿಗೆ ಮೆತ್ತಗಾದ ಹಿಡಿಕೆಯನ್ನು ಇಕ್ಕಳದಿಂದ ಒತ್ತಿ ಬಿಗಿ ಮಾಡುವವರಿದ್ದಾರೆ, ಅದು ಕೆಲವು ವಾರ ನಿಲ್ಲುತ್ತದೆ. ಹೊಸ ಬಲ್ಬ್ ಹಾಕಿದ ಮೇಲೆ ಎರಡೂ ಫಿಲಮೆಂಟ್‌ಗಳು ಮಂದವಾಗಿ ಒಟ್ಟಿಗೆ ಉರಿದು, ಡ್ಯಾಷ್‌ಬೋರ್ಡಿನ ನೀಲಿ ಸೂಚಕವೂ ಮಬ್ಬಾಗಿ ಹೊತ್ತಿಕೊಂಡರೆ ಅರ್ತ್ ಸಂಪರ್ಕ ಕಡಿದಿದೆ ಎಂದು ತಿಳಿಯಿರಿ. ಬಲ್ಬನ್ನು ದೂರಬೇಡಿ.

ಇನ್ನು ಆಯ್ಕೆ. ಮಾನ್ಯತೆಯ ಗುರುತಿರುವ 60/55 ವಾಟಿನ ಹ್ಯಾಲೊಜನ್ ಬಲ್ಬುಗಳನ್ನು ಜೊತೆಯಾಗಿ ಹಾಕಿ ಎಂಬುದು ನನ್ನ ಸಲಹೆ. ಬಲಗಡೆಯದೂ ಅಷ್ಟೇ ಹಳೆಯದಾಗಿದ್ದರೆ ಅದರ ಸರದಿಯೂ ದೂರವಿಲ್ಲ. ಎಚ್4 ಬುಡದ ಎಲ್‌ಇಡಿ ಬಲ್ಬುಗಳು ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತವೆ. ಅವು ಕೂರುತ್ತವೆ, ಬೆಳಗುತ್ತವೆ. ಆದರೆ ನಿಮ್ಮ ರಿಫ್ಲೆಕ್ಟರನ್ನು ತಂತಿಯಷ್ಟು ತೆಳುವಾದ ಫಿಲಮೆಂಟ್ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಉರಿಯುತ್ತದೆ ಎಂದು ನಂಬಿ ರೂಪಿಸಿದ್ದಾರೆ. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಸರಿದರೂ, ದಪ್ಪವಾದರೂ ಬೆಳಕು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ಹಲವು ದೇಶಗಳಲ್ಲಿ ಇವುಗಳಿಗೆ ಅನುಮತಿಯಿಲ್ಲ, ಕೆಲವೆಡೆ ಗೊತ್ತುಪಡಿಸಿದ ಕಾರಿಗೆ ಗೊತ್ತುಪಡಿಸಿದ ಬಲ್ಬ್ ಮಾತ್ರ. ಹಿಂದಿನ ಫ್ಯಾನ್ ಅಥವಾ ಶಾಖ ಚೆಲ್ಲುವ ಭಾಗದಿಂದಾಗಿ ರಬ್ಬರ್ ಮುಚ್ಚಳ ಕೂರದೆ ದೀಪದೊಳಗೆ ತೇವ ಸೇರುವುದನ್ನೂ ನೋಡಿದ್ದೇನೆ.

ಹಾಕುವಾಗ ಮೂರು ಕಿವಿಗಳೂ ತಮ್ಮ ಸೀಳುಗಳಲ್ಲಿ ಪೂರ್ತಿ ಕೂತಿವೆಯೇ ಎಂದು ನೋಡಿ ಆಮೇಲೆ ಸ್ಪ್ರಿಂಗ್ ಕ್ಲಿಪ್ ಹಾಕಿ. ಅವುಗಳಲ್ಲಿ ಒಂದು ಉಳಿದೆರಡಕ್ಕಿಂತ ಬೇರೆಯಾಗಿರುವುದರಿಂದ ಬಲ್ಬ್ ಒಂದೇ ರೀತಿಯಲ್ಲಿ ಕೂರುತ್ತದೆ. ಒತ್ತಿದರೂ ಕೂರದಿದ್ದರೆ ಬಲ ಹಾಕಬೇಡಿ, ಬಲ್ಬ್ ತಪ್ಪು ಅಥವಾ ತಿರುಗಿಸಿದ್ದು ತಪ್ಪು. ಬಳಿಕ ಸಮತಟ್ಟು ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ನೋಡಿ. ಬೆಳಕಿನ ಮೇಲಂಚು ಗೆರೆ ಎಳೆದಂತಿರಬೇಕು. ದೀಪದ ಮೇಲೆ ಅಥವಾ ಬಾನೆಟ್ಟಿನ ಕೆಳಗೆ 1.2% ಎಂಬಂಥ ಗುರುತಿದ್ದರೆ, ಆ ಗೆರೆ ದೀಪದ ನಡುಮಟ್ಟಕ್ಕಿಂತ ಅಷ್ಟು ಕೆಳಗಿರಬೇಕು. 5 ಮೀಟರಿಗೆ 6 ಸೆಂಟಿಮೀಟರ್. ಗೆರೆಯೇ ಕಾಣದೆ ಬೆಳಕು ಹರಡಿಕೊಂಡಿದ್ದರೆ ಬಲ್ಬ್ ಸರಿಯಾಗಿ ಕೂತಿಲ್ಲ.

ಕೊನೆಯ ಫೋಟೊ ವೈಪರಿನದು. ತೋಳಿನ ತುದಿ ಕೊಡೆಯ ಹಿಡಿಯಂತೆ ಬಾಗಿದೆ, ಅದು ಹುಕ್ ಜೋಡಣೆ. ಹಳೆಯ ಹ್ಯಾಚ್‌ಬ್ಯಾಕುಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ಪಕ್ಕದಿಂದ ಮೊಳೆಯಂಥ ಪಿನ್ ಹೊರಟಿದ್ದರೆ ಬೇರೆ ಬ್ಲೇಡ್ ಬೇಕಾಗುತ್ತಿತ್ತು. ಇಲ್ಲಿಯೂ ಆಕಾರ ಸಿಕ್ಕಿತು, ಅಳತೆ ಸಿಗಲಿಲ್ಲ. ಹುಕ್‌ಗಳು ಮುಖ್ಯವಾಗಿ ಎರಡು ಅಳತೆಗಳಲ್ಲಿ ಬರುತ್ತವೆ, 9×3 ಮತ್ತು 9×4. ಮೊದಲ ಅಂಕಿ ಪಟ್ಟಿಯ ಅಗಲ, ಎರಡನೆಯದು ಅದರ ದಪ್ಪ, ಎರಡೂ ಮಿಲಿಮೀಟರಿನಲ್ಲಿ. ಆ ಒಂದು ಮಿಲಿಮೀಟರ್ ಫೋಟೊದಲ್ಲಿ ಕಾಣುವುದಿಲ್ಲ. 3ರ ಹುಕ್ಕನ್ನು 4ರ ಅಡಾಪ್ಟರಿನೊಳಗೆ ಹಾಕಿದರೆ ಕೂತಂತೆಯೇ ಇರುತ್ತದೆ, ಜೋರು ಮಳೆಯಲ್ಲಿ ವೇಗವಾಗಿ ಓಡಿಸುವಾಗ ಬ್ಲೇಡ್ ಕಡಕಡ ಎನ್ನುತ್ತದೆ, ಕೊನೆಗೊಮ್ಮೆ ಕಳಚಿಕೊಂಡು ಬರಿಯ ತೋಳು ಗಾಜನ್ನು ಗೀರುತ್ತದೆ.

ವರ್ನಿಯರ್ ಇಲ್ಲದಿದ್ದರೆ ಅದೇ ಬ್ಯಾಂಕ್ ಕಾರ್ಡುಗಳನ್ನು ಬಳಸಿ. ಒಂದರ ದಪ್ಪ 0.76 ಮಿಲಿಮೀಟರ್. ನಾಲ್ಕು ಕಾರ್ಡುಗಳನ್ನು ಒತ್ತಾಗಿ ಜೋಡಿಸಿ, ಉಬ್ಬಕ್ಷರವಿಲ್ಲದ ಅಂಚನ್ನು ಹುಕ್ಕಿನ ಪಕ್ಕ ಹಿಡಿಯಿರಿ. ದಪ್ಪ ಸರಿಹೊಂದಿದರೆ 9×3. ಐದನೆಯ ಕಾರ್ಡ್ ಸೇರಿಸಿದ ಮೇಲೂ ಹುಕ್ಕು ಕೂದಲೆಳೆ ದಪ್ಪವಾಗಿ ಉಳಿದರೆ 9×4. ಎಡ ಬಲ ಬ್ಲೇಡುಗಳ ಉದ್ದ ಬೇರೆ ಇರಬಹುದು, ಎರಡರ ರಬ್ಬರನ್ನೂ ಪ್ರತ್ಯೇಕವಾಗಿ ಅಳೆಯಿರಿ. ಹಿಂದಿನ ಗಾಜಿನ ವೈಪರನ್ನು ಇದೇ ಲೆಕ್ಕದಲ್ಲಿ ತರಬೇಡಿ, ಅದರ ಜೋಡಣೆ ಸಾಮಾನ್ಯವಾಗಿ ಆಯಾ ಕಾರಿಗೇ ಮೀಸಲು. ಬ್ಲೇಡ್ ಕಳಚಿ ಅಳೆಯುತ್ತಿರುವಷ್ಟು ಹೊತ್ತು ಗಾಜಿನ ಮೇಲೆ ದಪ್ಪ ಟವೆಲ್ ಮಡಚಿ ಹಾಕಿರಿ. ತೋಳಿನ ಸ್ಪ್ರಿಂಗ್ ಕೈತಪ್ಪಿ ಎರಗಿದರೆ ಆ ಬರಿಯ ಹುಕ್ಕಿಗೆ ಮುಂಗಾಜು ಸೀಳುತ್ತದೆ.